ಕರಿದ ಎಣ್ಣೆಯ ಲೆಕ್ಕ: ಕೊಡಗಿನ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ನಾನು ಗೋಣಿಕೊಪ್ಪಲಿನವನು. ಮೈಸೂರಿನ ಒಂದು ಆಹಾರ ಪರೀಕ್ಷಾಲಯದಲ್ಲಿ ಬಹಳ ವರ್ಷ ಎಣ್ಣೆ ಪರೀಕ್ಷೆ ಮಾಡಿಕೊಂಡಿದ್ದೆ. ಈಗ ನಿವೃತ್ತ. ಜಿಲ್ಲೆಯ ಆಹಾರ ಸುರಕ್ಷತಾ ಸಮಿತಿಗೆ ನೀವೇ ಅಧ್ಯಕ್ಷರು, ಹಾಗಾಗಿ ಈ ಪತ್ರ ನಿಮಗೆ.

ಪ್ರವಾಸಿಗರು ಜಾಸ್ತಿಯಾಗುವ ದಿನಗಳಲ್ಲಿ ಅಧಿಕಾರಿಗಳು ಅಂಗಡಿಗಳಿಗೆ ಬರುತ್ತಾರೆ. ಬಾಣಲೆಗೆ ಇಣುಕಿ ನೋಡುತ್ತಾರೆ. ಎಣ್ಣೆ ಕಪ್ಪಗಿದ್ದರೆ ಬೈದು ಚರಂಡಿಗೆ ಸುರಿಸುತ್ತಾರೆ, ತಿಳಿಯಾಗಿದ್ದರೆ ಮುಂದೆ ಹೋಗುತ್ತಾರೆ. ಇದರಲ್ಲಿ ಎರಡು ತೊಂದರೆ ಇದೆ. ಬಣ್ಣ ನೋಡಿ ಎಣ್ಣೆ ಕೆಟ್ಟಿದೆಯೋ ಇಲ್ಲವೋ ಹೇಳಲು ಆಗುವುದಿಲ್ಲ. ಅರಿಶಿನ, ಮೆಣಸಿನ ಪುಡಿ, ಸೀದುಹೋದ ಕಡಲೆಹಿಟ್ಟು ಇವೆಲ್ಲ ಒಳ್ಳೆಯ ಎಣ್ಣೆಯನ್ನೂ ಒಂದೇ ದಿನದಲ್ಲಿ ಕಪ್ಪು ಮಾಡುತ್ತವೆ. ಸೋಸಿ, ಅರ್ಧ ಹೊಸ ಎಣ್ಣೆ ಬೆರೆಸಿದರೆ ಕೆಟ್ಟ ಎಣ್ಣೆಯೂ ಚೆಂದ ಕಾಣುತ್ತದೆ. ಇನ್ನು ಚರಂಡಿಗೆ ಸುರಿದದ್ದು ಕೊನೆಗೆ ನಮ್ಮ ತೋಡು, ಹೊಳೆಗೇ ಹೋಗುತ್ತದೆ.

ಕಾನೂನು ಬಣ್ಣದ ಮಾತೇ ಆಡುವುದಿಲ್ಲ. 2018ರ ಜುಲೈ 1ರಿಂದ ದೇಶದಲ್ಲಿ ಇರುವ ನಿಯಮ ಇಷ್ಟೇ: ಕರಿಯುವ ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು ಶೇ. 25 ದಾಟಿದರೆ ಅದನ್ನು ಬಳಸಬಾರದು. ದೊಡ್ಡ ಹೋಟೆಲಿಗೂ ತಳ್ಳುಗಾಡಿಗೂ ಇದೇ ಮಿತಿ.

ಈ ಪೋಲಾರ್ ಸಂಯುಕ್ತ ಎಂದರೆ ಹೊರಗಿನಿಂದ ಬಂದ ವಿಷವೇನಲ್ಲ, ಎಣ್ಣೆಯೇ ಮುರಿದು ಆದದ್ದು. ಎಣ್ಣೆಯ ಒಂದೊಂದು ಅಣುವಿನಲ್ಲೂ ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಬಜ್ಜಿ ಹಾಕಿದಾಗ ಹಿಟ್ಟಿನ ನೀರು ಆವಿಯಾಗಿ ಎಣ್ಣೆಯೊಳಗೆ ಹಾಯುತ್ತದೆ. ಆಗ ಕೊಬ್ಬಿನಾಮ್ಲಗಳು ಕಳಚಿಕೊಳ್ಳುತ್ತವೆ. ಬಾಳೆಕಾಯಿ ಚಿಪ್ಸ್ ಮಾಡುವವರು ಉಪ್ಪು, ಅರಿಶಿನದ ನೀರನ್ನು ಕುದಿಯುವ ಎಣ್ಣೆಗೇ ಹಾಕುತ್ತಾರಲ್ವಾ, ಅಲ್ಲಿ ಈ ಕಳಚುವ ಕೆಲಸ ಇನ್ನೂ ಜೋರು. ಮೇಲಿನಿಂದ ಗಾಳಿಯ ಆಮ್ಲಜನಕ ಸೇರಿ ಮತ್ತೊಂದು ರೀತಿಯಲ್ಲಿ ಎಣ್ಣೆಯನ್ನು ಕೆಡಿಸುತ್ತದೆ. ಕಬ್ಬಿಣದ ಬಾಣಲೆ ಇದ್ದರೆ ಅದರ ವೇಗ ಹೆಚ್ಚು. ಹಾಗೆ ಕೆಟ್ಟ ಅಣುಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗುತ್ತವೆ. ಬಾಣಲೆಯ ಅಂಚಿನಲ್ಲಿ ಅಂಟಂಟಾದ ಕಂದು ಪದರ ಕೂರುವುದು, ಬಜ್ಜಿ ಹಾಕಿದ ಕೂಡಲೇ ಸಣ್ಣ ನೊರೆ ಎದ್ದು ಬೇಗ ಇಳಿಯದಿರುವುದು ಇದರಿಂದಲೇ. ಇವೆಲ್ಲವನ್ನೂ ಸೇರಿಸಿ ಅಳೆಯುವ ಅಂಕೆಯೇ ಆ ಶೇ. 25.

ಆಲ್ಡಿಹೈಡ್‌ಗಳ ಕಥೆ ಸ್ವಲ್ಪ ಬೇರೆ. ಆಮ್ಲಜನಕ ಸೇರಿದ ಕೊಬ್ಬಿನಾಮ್ಲ ಬಿಸಿಗೆ ತುಂಡಾದಾಗ ಹುಟ್ಟುವ ಚಿಕ್ಕ ಅಣುಗಳು ಇವು. ಕಾದ ಎಣ್ಣೆಯ ಹೊಗೆಗೆ ಕಣ್ಣು ಉರಿಯುವುದು, ಗಂಟಲು ಕೆರೆಯುವುದು ಬಹುಪಾಲು ಅಕ್ರೋಲಿನ್ ಎಂಬ ಆಲ್ಡಿಹೈಡ್‌ನಿಂದ. 4-ಹೈಡ್ರಾಕ್ಸಿನೊನಿನಾಲ್ ಎಂಬ ಇನ್ನೊಂದು ಇದೆ. ಇದು ಹುಟ್ಟುವುದು ಲಿನೊಲೆಯಿಕ್ ಆಮ್ಲದಂಥ ಕೊಬ್ಬಿನಾಮ್ಲಗಳಿಂದ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಆ ಆಮ್ಲ ಶೇ. 60ರ ಆಸುಪಾಸು ಇರುತ್ತದೆ. ಪಾಮ್ ಎಣ್ಣೆಯಲ್ಲಿ ಶೇ. 10ರ ಹತ್ತಿರ, ತೆಂಗಿನ ಎಣ್ಣೆಯಲ್ಲಿ ಶೇ. 2ರಷ್ಟು. ಅಂದರೆ 'ಹೃದಯಕ್ಕೆ ಒಳ್ಳೆಯದು' ಎಂದು ತಂದ ಎಣ್ಣೆಯೇ ದಿನಗಟ್ಟಲೆ ಕಾಯಿಸಿದರೆ ಈ ಆಲ್ಡಿಹೈಡ್ ಹೆಚ್ಚು ಕೊಡುತ್ತದೆ. ಒಂದಿಷ್ಟು ಆಲ್ಡಿಹೈಡ್ ಹೊಗೆಯಲ್ಲಿ ಹೋಗುತ್ತದೆ, ಅದು ಬಾಣಲೆ ಮುಂದೆ ನಿಂತವರ ಪಾಲು. ಉಳಿದದ್ದು ಎಣ್ಣೆಯ ಜೊತೆ ಬಜ್ಜಿಯೊಳಗೆ ಸೇರುತ್ತದೆ, ಅದು ನಮ್ಮ ಪಾಲು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಲೆಕ್ಕಕ್ಕೆ ಬರುತ್ತೇನೆ. ನಮ್ಮಲ್ಲಿ ಯಾರೂ ಎಣ್ಣೆಯನ್ನು ಪೂರ್ತಿ ಚೆಲ್ಲುವುದಿಲ್ಲ. ರಾತ್ರಿ ಉಳಿದದ್ದಕ್ಕೆ ಬೆಳಿಗ್ಗೆ ಹೊಸದನ್ನು ಸೇರಿಸುತ್ತಾರೆ. ಹತ್ತು ಲೀಟರಿನ ಬಾಣಲೆ ಎಂದುಕೊಳ್ಳಿ. ಹೊಸ ಎಣ್ಣೆಯಲ್ಲಿ ಪೋಲಾರ್ ಅಂಶ ಶೇ. 5 ಇರಲಿ. ದಿನವಿಡೀ ಕಾದರೆ ಅದು 4 ಅಂಶ ಏರುತ್ತದೆ ಎಂದಿರಲಿ. ಇವು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಅಂಕೆಗಳು, ಉರಿ ಮತ್ತು ಎಣ್ಣೆ ನೋಡಿ ಹೆಚ್ಚುಕಡಿಮೆ ಆಗುತ್ತವೆ.

ಬಿಡುವಿಲ್ಲದ ಚಿಪ್ಸ್ ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಲೀಟರ್ ಎಣ್ಣೆ ಚಿಪ್ಸ್ ಜೊತೆಗೇ ಹೋಗುತ್ತದೆ. ಮಾರನೆಯ ದಿನ ನಾಲ್ಕು ಲೀಟರ್ ಹೊಸದು ಬರುತ್ತದೆ. ಮೊದಲ ಸಂಜೆ ಶೇ. 9, ಎರಡನೆಯ ಸಂಜೆ 11.4, ಮೂರನೆಯ ಸಂಜೆ 12.8. ಹೀಗೆ ಏರುತ್ತಾ 15ರ ಹತ್ತಿರ ನಿಂತುಬಿಡುತ್ತದೆ. ತಿಂಗಳು ಕಳೆದರೂ ಮಿತಿ ದಾಟುವುದಿಲ್ಲ. ಅದೇ ಬಾಣಲೆ, ಅದೇ ಎಣ್ಣೆ, ಆದರೆ ಮಳೆಗಾಲದ ಬಜ್ಜಿ ಅಂಗಡಿ. ಗಿರಾಕಿ ಬರಲಿ ಬಿಡಲಿ ಮಧ್ಯಾಹ್ನದಿಂದ ರಾತ್ರಿಯವರೆಗೆ ಒಲೆ ಉರಿಯುತ್ತಿರುತ್ತದೆ. ಎಣ್ಣೆ ಖರ್ಚಾಗುವುದು ದಿನಕ್ಕೆ ಒಂದೇ ಲೀಟರ್. ಇಲ್ಲಿ 9, 12.6, 15.8, 18.8, 21.4, 23.7 ಎಂದು ಏರಿ ಏಳನೆಯ ಸಂಜೆ ಶೇ. 25 ದಾಟುತ್ತದೆ. ಇದನ್ನು ಹೀಗೇ ಮುಂದುವರಿಸಿದರೆ ಲೆಕ್ಕ ನಿಲ್ಲುವುದು 45ರ ಹತ್ತಿರ.

ಎಣ್ಣೆಯನ್ನು ಕೆಡಿಸುವುದು ಅದು ಎಷ್ಟು ಹೊತ್ತು ಬಿಸಿಯಾಗಿತ್ತು ಎಂಬುದು. ಅದನ್ನು ಕಾಪಾಡುವುದು ಹೊಸ ಎಣ್ಣೆ ಎಷ್ಟು ಬಂತು ಎಂಬುದು. ಹಾಗಾಗಿ ಜನ ಮುತ್ತಿಕೊಂಡಿರುವ ಅಂಗಡಿಯ ಎಣ್ಣೆಯೇ ಹಲವು ಸಲ ಚೆನ್ನಾಗಿರುತ್ತದೆ. ದಾಳಿ ಮಾತ್ರ ಸಾಮಾನ್ಯವಾಗಿ ಆಗುವುದು ಅಂಥ ಅಂಗಡಿಗಳ ಮೇಲೆ! ವ್ಯಾಪಾರ ಕಡಿಮೆ ಇರುವವರಿಗೆ ದಂಡ ಹಾಕುವ ಮೊದಲು ಬಾಣಲೆ ಬದಲಿಸಿ ಎಂದು ಹೇಳಬೇಕು. ಬಾಯಿ ಕಿರಿದಾದ, ನಾಲ್ಕೈದು ಲೀಟರಿನ ಬಾಣಲೆ ಸಾಕು. ಗಿರಾಕಿ ಇಲ್ಲದಾಗ ಉರಿ ತಗ್ಗಿಸಬೇಕು. ಕರಿಯುವ ಬಿಸಿ 180 ಡಿಗ್ರಿ ದಾಟಬಾರದು. ಸೌದೆ ಒಲೆಯಲ್ಲಿ ಇದು ಕಣ್ಣಂದಾಜಿಗೆ ಸಿಗುವುದಿಲ್ಲ, ಒಂದು ಥರ್ಮಾಮೀಟರ್ ಬೇಕು.

ಈ ಲೆಕ್ಕದಲ್ಲಿ ಒಂದು ಕಳ್ಳದಾರಿಯೂ ಇದೆ. ದೊಡ್ಡ ಅಡುಗೆಮನೆಗಳಲ್ಲಿ ಬಳಸಿದ ಎಣ್ಣೆ ಕಡಿಮೆ ಬೆಲೆಗೆ ಸಣ್ಣ ಗಾಡಿಗಳಿಗೆ ಬರುತ್ತದೆ. ಆ ಎಣ್ಣೆಯಲ್ಲಿ ಪೋಲಾರ್ ಅಂಶ ಆಗಲೇ ಶೇ. 20 ಇದ್ದರೆ ಗಾಡಿಯವರ ಮೊದಲ ದಿನವೇ 24. ಎರಡನೆಯ ದಿನಕ್ಕೆ ಮಿತಿ ದಾಟಿತು. ಕೊಂಡವರಿಗೆ ಗೊತ್ತೇ ಆಗುವುದಿಲ್ಲ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಬಳಕೆಯ ದಾಖಲೆ ಇಡಬೇಕು, ಹಳೆಯ ಎಣ್ಣೆಯನ್ನು ಅಧಿಕೃತ ಸಂಗ್ರಹಕಾರರಿಗೇ ಕೊಡಬೇಕು ಎಂದು 2019ರ ಮಾರ್ಚ್‌ನಿಂದ ನಿಯಮವಿದೆ. ನಮ್ಮ ಬಜ್ಜಿ ಗಾಡಿ, ಸಣ್ಣ ಹೋಟೆಲು ಇದರೊಳಗೆ ಬರುವುದಿಲ್ಲ. ಬಳಸಿದ ಎಣ್ಣೆಯಿಂದ ಬಯೋಡೀಸೆಲ್ ಮಾಡುವ ಯೋಜನೆಯನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲೇ ಶುರು ಮಾಡಿದೆ. ಆದರೆ ಐದು ಲೀಟರ್ ಎಣ್ಣೆಗಾಗಿ ಸುಂಟಿಕೊಪ್ಪಕ್ಕೋ ನಾಪೋಕ್ಲುವಿಗೋ ಯಾವ ಲಾರಿ ಬರುತ್ತದೆ ಹೇಳಿ?

ಆರೋಗ್ಯದ ವಿಷಯದಲ್ಲಿ ಹೆದರಿಸುವುದು ನನಗಿಷ್ಟವಿಲ್ಲ. ಒಂದು ಪ್ಲೇಟ್ ಬಜ್ಜಿಯಿಂದ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ. ಆಲ್ಡಿಹೈಡ್‌ಗಳು ನಮ್ಮ ಜೀವಕೋಶದ ಪ್ರೋಟೀನ್‌ಗಳಿಗೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತವೆ, ಇದು ಪ್ರಯೋಗಾಲಯದಲ್ಲಿ ಸ್ಪಷ್ಟ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ತಿನ್ನಿಸಿದ ಇಲಿಗಳಲ್ಲಿ ರಕ್ತದೊತ್ತಡ ಏರಿದೆ, ರಕ್ತನಾಳಗಳಲ್ಲಿ ಉರಿಯೂತ ಕಂಡಿದೆ. ಮನುಷ್ಯರ ಬಗ್ಗೆ ಇಷ್ಟು ಗಟ್ಟಿಯಾಗಿ ಹೇಳಲಾಗದು. ಸ್ಪೇನ್‌ನ ಪಿಸಾರಾ ಎಂಬ ಊರಿನಲ್ಲಿ ಸಂಶೋಧಕರು ಮನೆಗಳ ಅಡುಗೆ ಎಣ್ಣೆಯನ್ನೇ ಪರೀಕ್ಷಿಸಿದರು. ಪೋಲಾರ್ ಅಂಶ ಹೆಚ್ಚಿದ್ದ ಮನೆಗಳಲ್ಲಿ ರಕ್ತದೊತ್ತಡವೂ ಹೆಚ್ಚು ಕಂಡಿತು ಎಂದು 2003ರಲ್ಲಿ ಪ್ರಕಟಿಸಿದರು. ಅದೇ ದೇಶದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಕರಿದದ್ದು ತಿನ್ನುವುದಕ್ಕೂ ಹೃದ್ರೋಗಕ್ಕೂ ನಂಟು ಕಾಣಲಿಲ್ಲ. ಅಲ್ಲಿ ಹೆಚ್ಚಾಗಿ ಮನೆಯಲ್ಲೇ, ಆಲಿವ್ ಅಥವಾ ಸೂರ್ಯಕಾಂತಿ ಎಣ್ಣೆಯಲ್ಲಿ ಕರಿಯುತ್ತಾರೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ನನಗನ್ನಿಸುವುದು, ಕರಿಯುವುದಕ್ಕಿಂತ ಎಣ್ಣೆಯ ಸ್ಥಿತಿಯ ಮೇಲೆ ಕಣ್ಣಿಡಬೇಕು ಅಂತ.

ಹೊಗೆಯ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೆಚ್ಚು ಬಿಸಿಯಲ್ಲಿ ಕರಿಯುವಾಗಿನ ಹೊಗೆಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ 2ಎ ಗುಂಪಿಗೆ ಸೇರಿಸಿದೆ. ನಾವು ಬಜ್ಜಿ ತಿಂದು ಹೊರಡುತ್ತೇವೆ. ಕರಿಯುವ ಹೆಂಗಸು ಟಾರ್ಪಾಲಿನ ಅಡಿಯಲ್ಲಿ, ಮಳೆಗೆ ಮೂರು ಕಡೆ ಮುಚ್ಚಿಕೊಂಡು, ಸಂಜೆಯೆಲ್ಲ ಅದನ್ನೇ ಉಸಿರಾಡುತ್ತಾಳೆ. ನಗರಸಭೆ, ಪಂಚಾಯಿತಿಗಳು ಗೂಡಂಗಡಿಗೆ ಜಾಗ ಕೊಡುವಾಗ ಹೊಗೆ ಹೋಗುವ ದಾರಿಯನ್ನು ಯಾಕೆ ಕೇಳಬಾರದು?

ಅಳೆಯುವ ಬಗ್ಗೆ ನನ್ನ ಹಳೆಯ ಕಸುಬಿನಿಂದ ಎರಡು ಮಾತು. ಎಣ್ಣೆಯಲ್ಲಿ ಅದ್ದಿ ಪೋಲಾರ್ ಅಂಶ ಓದುವ ಕೈ ಉಪಕರಣ ಸಿಗುತ್ತದೆ. ಅದು ಎಣ್ಣೆಯ ವಿದ್ಯುತ್ ಗುಣವನ್ನು ಅಳೆದು ಶೇಕಡಾವಾರು ತೋರಿಸುತ್ತದೆ. ಬಜ್ಜಿ ತೆಗೆದು, ಗುಳ್ಳೆ ಪೂರ್ತಿ ನಿಂತು ಐದು ನಿಮಿಷವಾದ ಮೇಲೆ ಅದ್ದಬೇಕು. ನೀರು ಉಳಿದಿದ್ದರೆ ಅಂಕೆ ಸುಳ್ಳು ಸುಳ್ಳೇ ಏರುತ್ತದೆ, ಬಡವ ಸುಮ್ನೆ ಸಿಕ್ಕಿಬೀಳುತ್ತಾನೆ. ತೆಂಗಿನ ಎಣ್ಣೆಯಲ್ಲಿ ಅದರ ಅಂಕೆಯನ್ನು ಹಾಗೇ ನಂಬಬಾರದು, ಅದೇ ಡಬ್ಬದ ಹೊಸ ಎಣ್ಣೆಯನ್ನೂ ಅದ್ದಿ ಹೋಲಿಸಬೇಕು. ಉಪಕರಣದ್ದು ಮೊದಲ ಸುಳಿವು ಅಷ್ಟೆ. ಮೊಕದ್ದಮೆಗೆ ಪ್ರಯೋಗಾಲಯದ ವರದಿಯೇ ಬೇಕು. ಆ ವರದಿಯಲ್ಲಿ ಪೆರಾಕ್ಸೈಡ್ ಅಂಕೆ ಒಂದೇ ಇದ್ದರೆ ಒಪ್ಪಬೇಡಿ. ಎಣ್ಣೆಗೆ ಆಮ್ಲಜನಕ ಸೇರಿದಾಗ ಮೊದಲು ಹುಟ್ಟುವುದು ಪೆರಾಕ್ಸೈಡ್‌ಗಳು. ಕರಿಯುವ ಬಿಸಿಗೆ ಅವು ಆಗಲೇ ಒಡೆದು ಆಲ್ಡಿಹೈಡ್ ಆಗಿರುತ್ತವೆ. ಹಾಗಾಗಿ ಪೂರ್ತಿ ಕೆಟ್ಟ ಎಣ್ಣೆಗೂ ಒಳ್ಳೆಯ ಅಂಕೆ ಬರಬಹುದು. ಪೋಲಾರ್ ಅಂಶವನ್ನೂ, ಆಲ್ಡಿಹೈಡ್‌ಗಳ ಸುಳಿವು ಕೊಡುವ ಅನಿಸಿಡಿನ್ ಅಂಕೆಯನ್ನೂ ಕೇಳಿ ಪಡೆಯಬೇಕು.

ನಿಮ್ಮಿಂದ ನಾನು ಕೇಳುವುದು ಇಷ್ಟು. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳ ಕೈಗೆ ಈ ಉಪಕರಣ ಕೊಡಿಸಿ. ಮೊದಲ ಸುತ್ತು ದಂಡವಿಲ್ಲದೆ, ಅಂಗಡಿಯವರ ಎದುರಿಗೇ ಅದ್ದಿ ತೋರಿಸುವ ಸುತ್ತಾಗಿರಲಿ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಲುಗಳಲ್ಲಿ ಒಂದೊಂದು ಕಡೆ ಬಳಸಿದ ಎಣ್ಣೆ ಸಂಗ್ರಹಿಸುವ ಡ್ರಮ್ ಇಡಿಸಿ, ಲೀಟರಿಗೆ ಇಷ್ಟು ಎಂದು ಹಣ ಸ್ಥಳದಲ್ಲೇ ಸಿಗಲಿ. ಹಣ ಸಿಗದಿದ್ದರೆ ಆ ಎಣ್ಣೆ ಮತ್ತೆ ಗಾಡಿಗೇ ಹೋಗುತ್ತದೆ. ಡ್ರಮ್ ತುಂಬಿದಾಗ ಅಧಿಕೃತ ಸಂಗ್ರಹಕಾರರು ಒಂದೇ ಸಲಕ್ಕೆ ಒಯ್ಯಬಹುದು, ಅವರಿಗೂ ಘಾಟಿ ಹತ್ತಿ ಬಂದದ್ದಕ್ಕೆ ಗಿಟ್ಟುತ್ತದೆ.

ಮಡಿಕೇರಿ ಮತ್ತು ಗೋಣಿಕೊಪ್ಪಲು ದಸರಾಕ್ಕೆ ತಾತ್ಕಾಲಿಕ ಅಂಗಡಿಗಳ ಪರವಾನಗಿ ಕೊಡುವಾಗಲೇ ಇದನ್ನು ಶುರು ಮಾಡಬಹುದು. ಉಪಕರಣ ಬಳಸುವುದನ್ನು ಅಧಿಕಾರಿಗಳಿಗೆ ಹೇಳಿಕೊಡಲು ನಾನು ಸಿದ್ಧ, ಸಂಭಾವನೆ ಬೇಡ.

ಇಂತಿ ತಮ್ಮ ವಿಶ್ವಾಸಿ,
ಗೋಣಿಕೊಪ್ಪಲಿನ ಒಬ್ಬ ನಿವಾಸಿ