ರೇಷ್ಮೆಗೆ ಕತ್ತರಿ ಹಾಕುವ ಮುಂಚೆ

ಚಿಕ್ಕಮಗಳೂರು
ಅಕ್ಟೋಬರ್ 27

ಪ್ರೀತಿಯ ಸಿಂಚನಾ,

ನೀನು ಕಳಿಸಿದ ಚಿತ್ರ ನೋಡಿದೆ. ರಮ್ಯಾಳ ರಿಸೆಪ್ಶನ್ ಗೌನನ್ನು ನೀನೇ ಹೊಲಿಯುತ್ತೀಯ ಅಂತ ತಿಳಿದು ತುಂಬಾ ಖುಷಿಯಾಯಿತು. ಆದರೆ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, "ಬಟ್ಟೆ ತಂದಾಯಿತು ಚಿಕ್ಕಮ್ಮ, ಈ ಭಾನುವಾರ ಕಟಿಂಗ್ ಮಾಡಿಬಿಡಲಾ" ಅಂತ. ಬೇಡ ಮಗಳೇ. ಆ ಆರು ಮೀಟರ್ ರಾ ಸಿಲ್ಕ್ ಸದ್ಯಕ್ಕೆ ಬೀರುವಿನಲ್ಲೇ ಇರಲಿ. ಮದುವೆ ಇರುವುದು ಫೆಬ್ರವರಿ 15ಕ್ಕೆ. ಅಷ್ಟರೊಳಗೆ ಮಾಡಬೇಕಾದ ಕೆಲಸ ಬೇರೆಯೇ ಇದೆ.

ನಾನು ಬಸವನಹಳ್ಳಿಯಲ್ಲಿ ಅಂಗಡಿ ಇಟ್ಟ ಎರಡನೇ ವರ್ಷ ಒಬ್ಬರು ತಮ್ಮ ಮಗಳ ಮದುವೆಗೆ ಅಂತ ರೇಷ್ಮೆ ತಂದುಕೊಟ್ಟರು. ಪ್ರಿನ್ಸೆಸ್ ಕಟ್ ರವಿಕೆ. ಅಳತೆ ಸರಿಯಾಗಿಯೇ ತಗೊಂಡಿದ್ದೆ, ನೇರವಾಗಿ ರೇಷ್ಮೆಗೇ ಕತ್ತರಿ ಹಾಕಿದೆ. ಹಾಕಿಕೊಂಡು ನೋಡಿದ ಹುಡುಗಿ "ಕೈ ಎತ್ತೋಕೆ ಆಗ್ತಿಲ್ಲ" ಅಂದಳು. ಕಂಕುಳಲ್ಲಿ ಬಿಗಿ ಇದೆ ಅಂದುಕೊಂಡು ಆರ್ಮ್‌ಹೋಲನ್ನು ಅರ್ಧ ಇಂಚು ಕೆಳಗೆ ಕತ್ತರಿಸಿದೆ. ಇನ್ನೂ ಕೆಟ್ಟಿತು. ಕೈ ಎತ್ತಿದರೆ ಇಡೀ ರವಿಕೆಯೇ ಮೇಲೆ ಬರುತ್ತಿತ್ತು. ಕತ್ತರಿಸಿದ ರೇಷ್ಮೆಯನ್ನು ವಾಪಸ್ ಅಂಟಿಸೋಕೆ ಆಗುತ್ತಾ? ಆ ತಾಯಿಯ ಮುಖ ಇವತ್ತಿಗೂ ಕಣ್ಣ ಮುಂದಿದೆ. ಆಮೇಲೆ ಗೊತ್ತಾಗಿದ್ದು ಏನೆಂದರೆ, ಆರ್ಮ್‌ಹೋಲ್ ಕಂಕುಳಿಗೆ ಹತ್ತಿರ ಇದ್ದಷ್ಟೂ ಕೈ ಸಲೀಸಾಗಿ ಏಳುತ್ತದೆ. ಕೆಳಗೆ ಇಳಿಸಿದಷ್ಟೂ ತೋಳು ಪಕ್ಕದ ಹೊಲಿಗೆಯನ್ನು ಹಿಡಿದು ಎಳೆಯುತ್ತದೆ. ಇದನ್ನು ಅಗ್ಗದ ಕೋರಾ ಬಟ್ಟೆಯಲ್ಲಿ ಕಲಿಯಬೇಕಿತ್ತು, ಇನ್ನೊಬ್ಬರ ರೇಷ್ಮೆಯಲ್ಲಿ ಕಲಿತೆ.

ರೇಷ್ಮೆಗೆ ಮುಂಚೆ ಅಗ್ಗದ ಕೋರಾದಲ್ಲಿ ಅದೇ ಉಡುಪನ್ನು ಹೊಲಿದು, ಹಾಕಿಸಿ ನೋಡುವುದಕ್ಕೆ ನಿಮ್ಮ ಕಾಲೇಜಿನಲ್ಲಿ ಟ್ವಾಲ್ ಅನ್ನುತ್ತಾರಂತೆ. ನಮ್ಮ ಅಂಗಡಿಯಲ್ಲಿ ಕೋರಾ ಟ್ರಯಲ್ ಅನ್ನುತ್ತೇವೆ. ಹೆಸರು ಯಾವುದಾದರೂ ಇರಲಿ, ಕೆಲಸ ಒಂದೇ.

ಮೊದಲು ಚಿತ್ರದ ಮಾತು. ನೀನು ಬರೆದ ಹುಡುಗಿಯ ಎತ್ತರವನ್ನು ಅವಳ ತಲೆಯಿಂದಲೇ ಅಳೆದು ನೋಡು, ಒಂಬತ್ತು ತಲೆಯಷ್ಟಿದ್ದಾಳೆ. ಫ್ಯಾಷನ್ ಚಿತ್ರಗಳಲ್ಲಿ ಹಾಗೆಯೇ ಬರೆಯುವುದು. ನಮ್ಮ ರಮ್ಯಾ ಎಲ್ಲರ ಹಾಗೆ ಏಳೂವರೆ ತಲೆ ಇದ್ದರೆ ಜಾಸ್ತಿ. ಚಿತ್ರದಲ್ಲಿ ಜಾಸ್ತಿಯಾದ ಉದ್ದವೆಲ್ಲ ಕಾಲಿನಲ್ಲೇ ಇದೆ. ಅದಕ್ಕೇ ಆ ಗೌನು ಅಷ್ಟು ಚೆನ್ನಾಗಿ ಇಳಿಬಿದ್ದಂತೆ ಕಾಣುತ್ತಿದೆ. ರಮ್ಯಾಳನ್ನು ನೇರ ನಿಲ್ಲಿಸಿ ಒಂದು ಫೋಟೋ ತೆಗೆ, ಪ್ರಿಂಟ್ ಹಾಕಿಸು, ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಇದೇ ಗೌನನ್ನು ಮತ್ತೆ ಬರಿ. ಸೊಂಟದ ಹೊಲಿಗೆ ಎಲ್ಲಿ ಬಂದರೆ ಅವಳಿಗೆ ಒಪ್ಪುತ್ತದೆ ಅಂತ ಆಗ ಕಾಣುತ್ತದೆ. ಹಿಂಭಾಗವನ್ನೂ ಬರಿ. ನಿನ್ನ ಚಿತ್ರದಲ್ಲಿ ಬೆನ್ನೇ ಇಲ್ಲ! ಜಿಪ್ ಎಲ್ಲಿ ಬರುತ್ತದೆ? ಸೊಂಟ ಬಿಗಿ ಇರುವ ಗೌನಿಗೆ ಜಿಪ್ಪು ಸೊಂಟದಿಂದ ಕೆಳಗೆ ಏಳು ಇಂಚಾದರೂ ಇಳಿಯಬೇಕು, ಇಲ್ಲದಿದ್ದರೆ ಹಾಕಿಕೊಳ್ಳೋಕೇ ಆಗುವುದಿಲ್ಲ. ಚಿತ್ರದಲ್ಲಿ ಎಷ್ಟು ಗೆರೆ ಇದೆಯೋ ಅಷ್ಟೂ ಗೆರೆಗೆ ಇದು ಹೊಲಿಗೆಯಾ, ಮಡಿಕೆಯಾ, ಅಂಚಾ ಅಂತ ಉತ್ತರ ಬರೆದಿಟ್ಟುಕೊಂಡು ಆಮೇಲೆ ಪೇಪರ್ ಪ್ಯಾಟರ್ನ್‌ಗೆ ಕೂರು.

ಕೋರಾ ಬಟ್ಟೆ ತರುವಾಗ ಕೈಯಲ್ಲಿ ಹಿಡಿದು ನೋಡು. ನಿನ್ನ ರಾ ಸಿಲ್ಕ್ ಸ್ವಲ್ಪ ಸೆಟೆದು ನಿಲ್ಲುವ ಬಟ್ಟೆ, ಮಧ್ಯಮ ದಪ್ಪದ ಕೋರಾ ಅದಕ್ಕೆ ಸರಿಹೋಗುತ್ತದೆ. ಕ್ರೇಪ್ ಆಗಿದ್ದರೆ ಕೋರಾದ ಟ್ರಯಲ್ ಸುಳ್ಳು ಹೇಳುತ್ತಿತ್ತು, ಆಗ ಅಗ್ಗದ ಪಾಲಿಯೆಸ್ಟರ್ ಕ್ರೇಪನ್ನೇ ತರಬೇಕಿತ್ತು. ತಂದ ಕೋರಾವನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡು. ಆಮೇಲೆ ಕತ್ತರಿಸು.

ಕತ್ತರಿಸಿದ ಪ್ರತಿಯೊಂದು ತುಂಡಿನ ಮೇಲೂ ಪೆನ್ನಿನಲ್ಲಿ ಗೆರೆ ಎಳೆ. ಮುಂಭಾಗದ ಮಧ್ಯದ ಗೆರೆ, ಹಿಂಭಾಗದ ಮಧ್ಯದ ಗೆರೆ, ಎದೆಯ ಅಡ್ಡ ಗೆರೆ, ಸೊಂಟದ ಅಡ್ಡ ಗೆರೆ, ಬಟ್ಟೆಯ ಉದ್ದದ ಎಳೆ. ಬಿಳಿ ಬಟ್ಟೆ ಮೇಲೆ ಗೆರೆ ಇಲ್ಲದಿದ್ದರೆ ಟ್ರಯಲ್‌ನಲ್ಲಿ ನಿನಗೆ ಏನೂ ಕಾಣುವುದಿಲ್ಲ. ಗೆರೆ ಇದ್ದರೆ ಅದು ನೆಲಕ್ಕೆ ಸಮ ಇದೆಯಾ, ಎಲ್ಲಿ ಎದ್ದಿದೆ, ಎಲ್ಲಿ ಜೋತಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಪಕ್ಕದಲ್ಲಿ ಮತ್ತು ಭುಜದಲ್ಲಿ ಒಂದೊಂದು ಇಂಚು ಮಾರ್ಜಿನ್ ಬಿಡು. ಕುತ್ತಿಗೆಯನ್ನು ಚಿತ್ರದಷ್ಟು ಅಗಲ ಕತ್ತರಿಸಬೇಡ, ಚಿಕ್ಕದಾಗಿಯೇ ಇಟ್ಟು ಬೇಕಾದ ಆಕಾರವನ್ನು ಪೆನ್ನಿನಲ್ಲಿ ಬರಿ. ಮಿಷನ್ನಿನಲ್ಲಿ ಅತಿ ದೊಡ್ಡ ಹೊಲಿಗೆ, ಬಣ್ಣದ ದಾರ. ಬಿಚ್ಚೋಕೆ ಸುಲಭ. ಲೈನಿಂಗ್, ಅಂಚು ಮಡಿಸುವುದು ಇದ್ಯಾವುದೂ ಬೇಡ.

ಇನ್ನು ಟ್ರಯಲ್ ದಿನ. ರಿಸೆಪ್ಶನ್ ದಿನ ಹಾಕುವ ಅದೇ ಬ್ರಾ, ಅದೇ ಹೀಲ್ಸ್ ಅವಳು ತಂದಿರಬೇಕು. ಬ್ರಾ ಬದಲಾದರೆ ಎದೆಯ ಪಾಯಿಂಟ್ ಅರ್ಧ ಇಂಚು ಆಚೀಚೆ ಆಗಿಬಿಡುತ್ತದೆ. ನಿನ್ನ ಗೌನಿನಲ್ಲಿ ಎದೆಯ ಮೇಲೆ ಹಾದು ಕೆಳಗೆ ಇಳಿಯುವ ಪ್ರಿನ್ಸೆಸ್ ಹೊಲಿಗೆಯ ಇಡೀ ಆಕಾರ ನಿಂತಿರುವುದೇ ಆ ಪಾಯಿಂಟ್ ಮೇಲೆ.

ಮೊದಲ ಸಲ ತೋಳು ಇಲ್ಲದೆ ಮೈ ಭಾಗವನ್ನು ಮಾತ್ರ ಹಾಕಿಸು. ಹಾಕಿದ ಕೂಡಲೇ ಗುಂಡುಸೂಜಿ ಎತ್ತಿಕೊಳ್ಳಬೇಡ. ಐದು ಹೆಜ್ಜೆ ಹಿಂದೆ ಹೋಗಿ ಸುಮ್ನೆ ನೋಡು. ಬಟ್ಟೆ ಉದ್ದುದ್ದ ಮಡಿಕೆ ಬಿದ್ದಿದ್ದರೆ ಅಲ್ಲಿ ಅಗಲ ಜಾಸ್ತಿ. ಅಡ್ಡಡ್ಡ ಸಡಿಲ ಮಡಿಕೆ ಬಿದ್ದಿದ್ದರೆ ಉದ್ದ ಜಾಸ್ತಿ. ಓರೆಯಾಗಿ ಬಿಗಿದ ಗೆರೆ ಬಿದ್ದಿದ್ದರೆ ಅದರ ಒಂದು ತುದಿ ಎಲ್ಲಿ ಬಟ್ಟೆ ಸಾಲುತ್ತಿಲ್ಲವೋ ಅಲ್ಲಿಗೆ ಬೆರಳು ತೋರಿಸುತ್ತದೆ. ಸರಿಮಾಡುವುದು ಯಾವಾಗಲೂ ಭುಜದಿಂದ ಶುರು, ಯಾಕೆಂದರೆ ಗೌನು ತೂಗುವುದೇ ಭುಜದಿಂದ. ಭುಜ ಸರಿಯಾದರೆ ಕೆಳಗಿನ ಎಷ್ಟೋ ಸುಕ್ಕು ತಾನಾಗಿ ಹೋಗುತ್ತದೆ. ಎರಡು ಭುಜವನ್ನೂ ಬೇರೆ ಬೇರೆ ನೋಡು. ತುಂಬಾ ಜನರಿಗೆ ಒಂದು ಭುಜ ಸ್ವಲ್ಪ ಕೆಳಗಿರುತ್ತದೆ.

ರಮ್ಯಾಳ ಅಳತೆ ಕಳಿಸಿದ್ದೀಯಲ್ಲ, ಕಂಕುಳ ಕೆಳಗೆ ಮೇಲೆದೆ 35, ತುಂಬು ಎದೆ 38. ಮೂರು ಇಂಚು ವ್ಯತ್ಯಾಸ. ಸಿದ್ಧ ಪ್ಯಾಟರ್ನುಗಳು ಸಾಮಾನ್ಯವಾಗಿ ಎರಡು ಇಂಚು ವ್ಯತ್ಯಾಸಕ್ಕೆ ಮಾಡಿರುತ್ತಾರೆ. ಹಾಗಾಗಿ ಏನಾಗುತ್ತದೆ ಅಂತ ಈಗಲೇ ಹೇಳುತ್ತೇನೆ ಕೇಳು. ಎದೆಯ ಅಡ್ಡ ಗೆರೆ ಮುಂದೆ ಮೇಲಕ್ಕೆ ಎದ್ದಿರುತ್ತದೆ. ಸೊಂಟದ ಗೆರೆಯೂ ಮುಂದೆ ಏರಿ, ಬೆನ್ನಲ್ಲಿ ಸರಿಯಾಗಿರುತ್ತದೆ. ಎದೆಯಿಂದ ಪಕ್ಕದ ಸೊಂಟದ ಕಡೆಗೆ ಓರೆ ಗೆರೆ ಬೀಳುತ್ತದೆ. ಇದನ್ನು ನೋಡಿ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಕೊಡೋಣ ಅನಿಸುತ್ತದೆ. ಕೊಟ್ಟರೆ ಬೆನ್ನು ಜೋತುಬೀಳುತ್ತದೆ, ಮುಂದಿನ ಏರು ಹಾಗೇ ಉಳಿಯುತ್ತದೆ. ಅಲ್ಲಿ ಉದ್ದವೂ ಕಡಿಮೆ ಇದೆ, ಅಗಲ ಒಂದೇ ಅಲ್ಲ.

ಆಗ ಧೈರ್ಯವಾಗಿ ಕತ್ತರಿ ತಗೊಂಡು ಎದೆಯ ಅಡ್ಡ ಗೆರೆಯ ಮೇಲೇ ಕೋರಾವನ್ನು ಸೀಳು. ಮುಂಭಾಗದ ಮಧ್ಯದ ಗೆರೆಯಿಂದ ಶುರುಮಾಡಿ, ಪ್ರಿನ್ಸೆಸ್ ಹೊಲಿಗೆ ದಾಟಿ, ಪಕ್ಕದ ಹೊಲಿಗೆಗೆ ಕಾಲಿಂಚು ಇರುವಾಗ ನಿಲ್ಲಿಸು. ಸೀಳಿದ ಕೂಡಲೇ ಬಟ್ಟೆ ಬಾಯಿ ಬಿಟ್ಟು ಸೊಂಟದ ಗೆರೆ ತಾನಾಗಿ ಕೆಳಗೆ ಇಳಿಯುತ್ತದೆ. ಆ ಬಾಯಿ ಎಷ್ಟು ಅಗಲವೋ ಅಷ್ಟೇ ನಿನ್ನ ಕೊರತೆ. ಮುಕ್ಕಾಲು ಇಂಚು ಅಂತಿಟ್ಟುಕೋ. ಒಂದು ಕೋರಾ ಪಟ್ಟಿಯನ್ನು ಅಡಿಯಲ್ಲಿಟ್ಟು ಗುಂಡುಸೂಜಿ ಚುಚ್ಚಿಬಿಡು. ಮಧ್ಯದ ತುಂಡಿಗೆ ಸೀಳಿನ ಉದ್ದಕ್ಕೂ ಮುಕ್ಕಾಲು ಇಂಚು ಸೇರುತ್ತದೆ. ಪಕ್ಕದ ತುಂಡಿಗೆ ಪ್ರಿನ್ಸೆಸ್ ಕಡೆ ಮುಕ್ಕಾಲು ಇಂಚು, ಪಕ್ಕದ ಹೊಲಿಗೆಯ ಕಡೆ ಸೊನ್ನೆ. ಹಾಗಾದರೆ ಹಿಂಭಾಗದ ಜೊತೆ ಪಕ್ಕದ ಹೊಲಿಗೆಯ ಉದ್ದ ಹೊಂದಿಕೊಳ್ಳುತ್ತದೆ. ಇನ್ನೂ ಎದೆ ಮೇಲೆ ಬಿಗಿ ಇದ್ದರೆ ಪ್ರಿನ್ಸೆಸ್ ಹೊಲಿಗೆಯನ್ನು ಎದೆಯ ಹತ್ತಿರ ಮಾತ್ರ ಬಿಚ್ಚಿ, ಪಕ್ಕದ ತುಂಡಿನ ಬಾಗನ್ನು ಹೊರಗೆ ಬಿಡು. ಈ ಸೀಳುವ ಕೆಲಸವನ್ನು ರೇಷ್ಮೆಯಲ್ಲಿ ಮಾಡೋಕಾಗುತ್ತಾ ಹೇಳು. ರಾ ಸಿಲ್ಕಿನಲ್ಲಿ ಒಂದು ಹೊಲಿಗೆ ಬಿಚ್ಚಿದರೂ ಸೂಜಿಯ ತೂತು ಸಾಲಾಗಿ ಉಳಿಯುತ್ತದೆ.

ಆಮೇಲೆ ತೋಳು ಕೂಡಿಸಿ ನೋಡು. ಕೈ ಎತ್ತಿ ಹಾರ ಹಾಕುವ ಹಾಗೆ ಮಾಡಿಸು. ಕುರ್ಚಿಯಲ್ಲಿ ಕೂರಿಸು. ಬಗ್ಗಿ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡುವ ಹಾಗೆ ಮಾಡಿಸು, ಅವತ್ತು ಅವಳು ಐವತ್ತು ಸಲ ಬಗ್ಗುತ್ತಾಳೆ! ಬೆನ್ನು ಬಿಗಿಯುತ್ತಾ, ಕುತ್ತಿಗೆ ಮುಂದೆ ಬಾಯಿ ಬಿಡುತ್ತಾ ನೋಡಿಕೋ. ಕೈ ಎತ್ತುವಾಗ ಸೊಂಟದ ಗೆರೆ ಜಾಸ್ತಿ ಮೇಲೆ ಬಂದರೆ ಆರ್ಮ್‌ಹೋಲ್ ಕೆಳಗಿದೆ ಅಂತ ಅರ್ಥ. ಕಂಕುಳಲ್ಲಿ ಒಂದು ತುಂಡು ಕೋರಾ ಸೇರಿಸಿ ಮೇಲೆ ತಂದು ಮತ್ತೆ ನೋಡು. ನಾನು ಮಾಡಿದ ತಪ್ಪು ನೀನು ಮಾಡಬೇಡ.

ಅವಳು ಬಿಚ್ಚುವ ಮುಂಚೆ ಗುಂಡುಸೂಜಿ ಇರುವ ಕಡೆಯೆಲ್ಲ ಪೆನ್ನಿನ ಗುರುತು ಹಾಕು, ಮುಂದೆ, ಹಿಂದೆ, ಪಕ್ಕ ಮೂರೂ ಕಡೆ ಫೋಟೋ ತೆಗೆ. ಮನೆಗೆ ಹೋಗಿ ಹೊಲಿಗೆ ಬಿಚ್ಚಿ, ಇಸ್ತ್ರಿ ಮಾಡಿ, ಪೇಪರ್ ಪ್ಯಾಟರ್ನನ್ನು ತಿದ್ದು. ಕೂಡುವ ಎರಡು ಅಂಚುಗಳನ್ನು ಟೇಪ್ ಹಿಡಿದು ಅಳೆ, ಉದ್ದ ಸರಿಹೋಗಬೇಕು. ಹಳೇ ಪೇಪರ್ ಮೇಲೆ "ರದ್ದು" ಅಂತ ದೊಡ್ಡದಾಗಿ ಬರಿ. ಅವಸರದಲ್ಲಿ ಹಳೆಯದನ್ನೇ ಇಟ್ಟು ಕತ್ತರಿಸಿದವರನ್ನು ನಾನು ನೋಡಿದ್ದೇನೆ.

ಈಗ ದಿನಗಳ ಲೆಕ್ಕ. ರಮ್ಯಾ ಬೆಂಗಳೂರಿನಿಂದ ಬರುವುದು ರಜೆಯಲ್ಲಿ ಮಾತ್ರ. ಡಿಸೆಂಬರ್ ಬಂತೆಂದರೆ ತೋಟದಲ್ಲಿ ಕಾಫಿ ಕೊಯ್ಲು ಜೋರು, ನಿಮ್ಮ ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಅದಕ್ಕೆ ಮೊದಲ ಕೋರಾ ಟ್ರಯಲ್ ನವೆಂಬರ್ ಮಧ್ಯದಲ್ಲೇ ಆಗಲಿ. ತಿದ್ದುಪಡಿ ಕಾಲಿಂಚಿನ ಒಳಗಿದ್ದರೆ ಅದೇ ಕೋರಾವನ್ನು ಮತ್ತೆ ಹೊಲಿದು ನೋಡಿದರೆ ಸಾಕು. ಎದೆಯಲ್ಲಿ ಸೀಳಬೇಕಾಗಿ ಬಂದರೆ ಮಾತ್ರ ಹೊಸ ಕೋರಾ ಕತ್ತರಿಸು. ಎರಡನೇ ಟ್ರಯಲ್ ಡಿಸೆಂಬರ್ ಮೊದಲ ವಾರ, ಈ ಸಲ ಎರಡು ತೋಳು, ಲಂಗ, ಎಲ್ಲ ಕೂಡಿಸಿ. ಅದು ಒಪ್ಪಿಗೆಯಾದ ಮೇಲೆ ಪೇಪರ್ ತುಂಡುಗಳನ್ನೆಲ್ಲ ರೇಷ್ಮೆಯ ಮೇಲೆ ಹಾಸಿ ಆರು ಮೀಟರ್ ಸಾಲುತ್ತಾ ನೋಡು. ಎಲ್ಲ ತುಂಡಿನ ತಲೆ ಒಂದೇ ಕಡೆ ಇರಲಿ. ನಿನ್ನದು ಎರಡು ಬಣ್ಣ ಮಿಂಚುವ ರೇಷ್ಮೆ, ತಿರುಗಿಸಿಟ್ಟರೆ ಬೇರೆ ಬಣ್ಣದ ಬಟ್ಟೆ ಸೇರಿಸಿದ ಹಾಗೆ ಕಾಣುತ್ತದೆ.

ಆಮೇಲೆ ಕತ್ತರಿಸು. ಪಕ್ಕದಲ್ಲಿ ಒಂದು ಇಂಚು ಮಾರ್ಜಿನ್ ಇದ್ದೇ ಇರಲಿ, ಮದುವೆಗೆ ಮುಂಚೆ ಹುಡುಗಿಯರು ಸಣ್ಣಗಾಗುವುದೂ ಉಂಟು, ದಪ್ಪಗಾಗುವುದೂ ಉಂಟು. ಜನವರಿ ಮೊದಲ ವಾರ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ರೇಷ್ಮೆಯ ಟ್ರಯಲ್. ಆಗ ಬದಲಿಸುವುದು ಪಕ್ಕದ ಹೊಲಿಗೆಯನ್ನು ಮಾತ್ರ. ಕೊನೆಯದು ಫೆಬ್ರವರಿ 1ರ ಸುಮಾರಿಗೆ. ಅದಕ್ಕೆ ಮುಂಚೆ ಗೌನನ್ನು ಒಂದು ರಾತ್ರಿ, ಒಂದು ಹಗಲು ಹ್ಯಾಂಗರಿನಲ್ಲಿ ನೇತುಹಾಕಿಡು. ಘೇರಿನ ಓರೆ ಭಾಗ ಇಳಿಯುವಷ್ಟು ಇಳಿಯಲಿ, ಆಮೇಲೆ ಹೀಲ್ಸ್ ಹಾಕಿಸಿ ನೆಲದಿಂದ ಅಳೆದು ಕೆಳಗಿನ ಅಂಚು ಮಡಿಸು.

ಮೊದಲ ಟ್ರಯಲ್‌ಗೆ ನಾನೂ ಬರುತ್ತೇನೆ, ದಿನ ಗೊತ್ತಾದ ಕೂಡಲೇ ಫೋನ್ ಮಾಡು. ಹೀಲ್ಸ್ ಇನ್ನೂ ಕೊಂಡಿಲ್ಲ ಅಂತ ನಿಮ್ಮಮ್ಮ ಹೇಳುತ್ತಿದ್ದಳು. ಈ ವಾರವೇ ತಗೋಳೋಕೆ ರಮ್ಯಾಗೆ ಹೇಳು.

ಇಂತಿ ನಿನ್ನ,
ಚಿಕ್ಕಮ್ಮ