ಮೂರು ರೂಪಾಯಿಯ ಇಂಜೆಕ್ಷನ್ ಎಣಿಸುವವರಿಲ್ಲವೇ, ಶಾಸಕರೇ?

ಮಾನ್ಯ ಶಾಸಕರಿಗೆ,

ರಾಯಚೂರು ಜಿಲ್ಲೆಯ ತಮ್ಮ ಕ್ಷೇತ್ರದ ಮತದಾರನ ನಮಸ್ಕಾರಗಳು.

ತಾಲ್ಲೂಕು ಆಸ್ಪತ್ರೆಯ ಔಷಧಿ ದಾಸ್ತಾನಿನ ಬಗ್ಗೆ ತಮಗೆ ಈ ಹಿಂದೆ ಎರಡು ಮನವಿ ಕೊಟ್ಟಿದ್ದೇನೆ. ಎರಡಕ್ಕೂ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬಂತು. ಪರಿಶೀಲನೆ ಇನ್ನೂ ನಡೆಯುತ್ತಿರಬೇಕು, ಆದ್ದರಿಂದ ಮೂರನೆಯದನ್ನು ಊರಿನ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ತಾವೇ ಅಧ್ಯಕ್ಷರು. ತುರ್ತಿದ್ದರೆ ಸಮಿತಿಯ ಹಣದಲ್ಲಿ ಸ್ಥಳೀಯವಾಗಿ ಔಷಧಿ ಕೊಳ್ಳಬಹುದು ಎಂಬುದು ತಮಗೆ ಗೊತ್ತಿರದ ಸಂಗತಿಯಲ್ಲ. ಆಸ್ಪತ್ರೆ ಯಾವುದೆಂದು ನಾನು ಬರೆಯುವುದಿಲ್ಲ. ಹೋದ ವರ್ಷ ಅದರ ಮುಂದಿನ ಕಮಾನನ್ನು ತಾವೇ ಉದ್ಘಾಟಿಸಿದ್ದೀರಿ.

ನನ್ನ ಬೇಡಿಕೆ ಒಂದೇ. ಆಸ್ಪತ್ರೆಯ ಉಗ್ರಾಣದಲ್ಲಿ ಯಾವ ಔಷಧಿಯ ಮೇಲೆ ಎಷ್ಟು ಕಣ್ಣಿಡಬೇಕು ಎಂಬುದನ್ನು ಬೆಲೆಯೊಂದರಿಂದಲೇ ನಿರ್ಧರಿಸಬೇಡಿ. ಅದು ಇಲ್ಲದಿದ್ದರೆ ರೋಗಿ ಉಳಿಯುತ್ತಾನೋ ಇಲ್ಲವೋ ಎಂಬುದನ್ನೂ ಸೇರಿಸಿ ಪಟ್ಟಿ ಮಾಡಿಸಿ.

ಹೋದ ಸೆಪ್ಟೆಂಬರ್‌ನಲ್ಲಿ ನಮ್ಮ ಅಣ್ಣನ ಮಗ ಹತ್ತಿ ಹೊಲಕ್ಕೆ ಔಷಧಿ ಹೊಡೆಯಲು ಹೋಗಿದ್ದ. ಬೆನ್ನಿಗೆ ಕಟ್ಟಿಕೊಂಡಿದ್ದ ಕ್ಯಾನಿನ ಮುಚ್ಚಳ ಸೋರಿ ಅಂಗಿಯೆಲ್ಲ ತೊಯ್ದಿದ್ದರೂ ಇನ್ನೆರಡು ಸಾಲು ಮುಗಿಸಿಬಿಡೋಣವೆಂದು ಹಾಗೇ ನಡೆದಿದ್ದಾನೆ. ಸಂಜೆ ಮನೆಗೆ ಬರುವಾಗ ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ ಸದ್ದು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ರಾತ್ರಿ ಎಂಟೂವರೆಗೆ ಆಸ್ಪತ್ರೆಗೆ ತಂದೆವು. ಕರ್ತವ್ಯದಲ್ಲಿದ್ದ ವೈದ್ಯರು ಚಿಕ್ಕ ವಯಸ್ಸಿನವರಾದರೂ ಒಂದು ನಿಮಿಷ ತಡಮಾಡಲಿಲ್ಲ. ಬಟ್ಟೆ ತೆಗೆಸಿ, ಮೈ ತೊಳೆಸಿ, ಕೀಟನಾಶಕದ ವಿಷಕ್ಕೆ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಶುರು ಮಾಡಿದರು.

ಈ ಅಟ್ರೋಪಿನ್ ಕೊಡುವ ಕ್ರಮವನ್ನು ಅಂದು ನಾನು ಕಣ್ಣಾರೆ ಕಂಡೆ, ಆಮೇಲೆ ವೈದ್ಯರನ್ನೇ ಕೇಳಿ ತಿಳಿದುಕೊಂಡೆ. ಒಂದು ಆಂಪ್ಯೂಲ್‌ನಲ್ಲಿ ಅಂದರೆ ಔಷಧಿಯ ಪುಟ್ಟ ಗಾಜಿನ ಸೀಸೆಯಲ್ಲಿ ಇರುವುದು 0.6 ಮಿಲಿಗ್ರಾಂ. ಮೊದಲ ಸುತ್ತಿಗೆ 3 ಆಂಪ್ಯೂಲ್ ಕೊಡುತ್ತಾರೆ. ಐದು ನಿಮಿಷ ಕಾದು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ. ಗೊರಗೊರ ಸದ್ದು ನಿಂತಿಲ್ಲವಾದರೆ ಮುಂದಿನ ಸುತ್ತಿಗೆ ಇಮ್ಮಡಿ, ಅಂದರೆ 6. ಆಮೇಲೆ 12, ಆಮೇಲೆ 24. ಎದೆ ತಿಳಿಯಾಗಿ, ನಾಡಿಬಡಿತವೂ ರಕ್ತದೊತ್ತಡವೂ ಏರುವವರೆಗೆ ಹೀಗೆಯೇ. ನಾಲ್ಕು ಸುತ್ತಿಗೆ 45 ಆಂಪ್ಯೂಲ್, ಅದೂ ಕಾಲು ಗಂಟೆಯಲ್ಲಿ. ಅಷ್ಟಕ್ಕೇ ಮುಗಿಯುವುದಿಲ್ಲ. ಅಲ್ಲಿಯವರೆಗೆ ಕೊಟ್ಟ ಒಟ್ಟು ಪ್ರಮಾಣದ ಶೇ 10ರಿಂದ 20ರಷ್ಟನ್ನು ಪ್ರತಿ ಗಂಟೆ ಸಲೈನ್‌ನಲ್ಲಿ ಹರಿಸುತ್ತಿರಬೇಕು. 45ರ ಲೆಕ್ಕಕ್ಕೆ ಗಂಟೆಗೆ ಐದರಿಂದ ಒಂಬತ್ತು ಆಂಪ್ಯೂಲ್ ಹಿಡಿಯಿರಿ.

ಅಂದು ಅಲ್ಲಿದ್ದದ್ದು 14. ಸಿಸ್ಟರ್ ಓಡಿಹೋಗಿ ಬೇರೆ ವಾರ್ಡಿನ ಡ್ರಾಯರ್‌ನಿಂದ ಇನ್ನೂ 6 ಹುಡುಕಿ ತಂದರು. ಒಟ್ಟು 20. ಮೊದಲ ಸುತ್ತಿಗೆ 3 ಹೋಯಿತು, ಎರಡನೆಯದಕ್ಕೆ 6 ಹೋಯಿತು. ಮೂರನೆಯ ಸುತ್ತಿಗೆ 12 ಬೇಕು, ತಟ್ಟೆಯಲ್ಲಿ ಉಳಿದದ್ದು 11. ವೈದ್ಯರು ತಟ್ಟೆಯನ್ನೊಮ್ಮೆ ನೋಡಿ ನನ್ನ ಮುಖ ನೋಡಿದರು, ಮಾತಾಡಲಿಲ್ಲ. ನಾನು ಬಸ್ ನಿಲ್ದಾಣದ ಹತ್ತಿರದ ಮೆಡಿಕಲ್ ಅಂಗಡಿಗೆ ಓಡಿದೆ. ಆತ ಶಟರ್ ಅರ್ಧ ಇಳಿಸಿದ್ದ. ಕೈಮುಗಿದು ತೆಗೆಸಿ, ಇದ್ದ ನಾಲ್ಕು ಪೆಟ್ಟಿಗೆಗಳನ್ನೂ, ಅಂದರೆ 40 ಆಂಪ್ಯೂಲ್, ತಂದೆ. ನನಗೆ 63 ವರ್ಷ, ಮಂಡಿ ನೋವು. ಅಂದು ಓಡಿದ್ದು ಹೇಗೋ ಇಂದಿಗೂ ತಿಳಿಯದು. ಅತ್ತಿಗೆ ಮಾತ್ರ ಇವತ್ತಿಗೂ ಆ ಅಂಗಡಿಯ ಮುಂದೆ ಹಾದುಹೋಗುವಾಗ ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ. ಸರ್ಕಾರಿ ಆಸ್ಪತ್ರೆಯ ಮುಂದೆ ಕೈಮುಗಿಯುವುದಿಲ್ಲ, ಅಲ್ಲಿ ಕಮಾನು ಇದ್ದರೂ.

ಹುಡುಗ ಉಳಿದ. ಮಿಕ್ಕ 15 ಆಂಪ್ಯೂಲ್ ಹಿಡಿದು ಎರಡು ಗಂಟೆಯ ದಾರಿಯ ದೊಡ್ಡಾಸ್ಪತ್ರೆಗೆ ಒಯ್ದರು, ಒಂಬತ್ತು ದಿನಕ್ಕೆ ಮನೆಗೆ ಬಂದ.

ಈ ಪತ್ರ ಬರೆಯಲು ನನಗೇನು ಅರ್ಹತೆ ಎಂದು ತಮ್ಮ ಆಪ್ತ ಸಹಾಯಕರು ಕೇಳಬಹುದು, ಹಿಂದೊಮ್ಮೆ ಕೇಳಿದ್ದಾರೆ ಕೂಡ. ನಾನು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ 31 ವರ್ಷ ಸ್ಟೋರ್ ಕೀಪರ್ ಆಗಿದ್ದವನು. ಮೋಟಾರು ಲಕ್ಷ ರೂಪಾಯಿಯದು, ಬೆಲ್ಟು ಇನ್ನೂರರದು. ಆದರೆ ಸುಗ್ಗಿಯಲ್ಲಿ ಬೆಲ್ಟು ಹರಿದು ಬದಲಿ ಇಲ್ಲದಿದ್ದರೆ ಲಕ್ಷದ ಮೋಟಾರೂ ಸುಮ್ಮನೆ ಕೂರುತ್ತದೆ. ಸಾಮಾನು ವಿಂಗಡಿಸಲು ಅಲ್ಲಿ ಕಲಿತ ಎರಡು ಜರಡಿಗಳನ್ನು ಆಸ್ಪತ್ರೆಗಳಲ್ಲೂ ಬಳಸುತ್ತಾರೆ. ಒಂದು ಎ-ಬಿ-ಸಿ, ಅದು ದುಡ್ಡಿನದು. ಇನ್ನೊಂದು ವಿ-ಇ-ಡಿ, ಅಂದರೆ ವೈಟಲ್, ಎಸೆನ್ಷಿಯಲ್, ಡಿಸೈರಬಲ್: ಇಲ್ಲದಿದ್ದರೆ ಜೀವ ಹೋಗುವಂಥದ್ದು, ಅಗತ್ಯವಾದದ್ದು, ಇದ್ದರೆ ಒಳ್ಳೆಯದು ಅನ್ನುವಂಥದ್ದು.

ಘಟನೆಯ ನಂತರ ಎರಡು ಸಂಜೆ ಉಗ್ರಾಣದಲ್ಲಿ ಕುಳಿತು, ಒಂದು ವರ್ಷದ ಪುಸ್ತಕ ತಿರುವಿ ಹಾಕಿದೆ. ಫಾರ್ಮಸಿಸ್ಟ್ ಅಡ್ಡಿ ಮಾಡಲಿಲ್ಲ. ಉಗ್ರಾಣ, ಔಷಧಿ ಕೌಂಟರ್, ವರದಿ ಎಲ್ಲಕ್ಕೂ ಅವರೊಬ್ಬರೇ ಇರುವುದರಿಂದ, ಯಾರಾದರೂ ಲೆಕ್ಕ ಮಾಡಿಕೊಟ್ಟರೆ ಸಾಕು ಎನ್ನುವಂತಿದ್ದರು. ಪ್ರತಿ ಔಷಧಿಯ ವರ್ಷದ ಬಳಕೆಯನ್ನು ಅದರ ದರದಿಂದ ಗುಣಿಸಿ, ದೊಡ್ಡ ಮೊತ್ತದಿಂದ ಚಿಕ್ಕದಕ್ಕೆ ಇಳಿಸಿ ಬರೆದು, ಮೇಲಿನಿಂದ ಕೂಡುತ್ತ ಬಂದೆ. ಒಟ್ಟು 214 ಔಷಧಿ, 24 ಲಕ್ಷ ರೂಪಾಯಿ. ಮೊದಲ 22 ಔಷಧಿಗಳಿಗೇ ನೂರಕ್ಕೆ ಎಪ್ಪತ್ತು ಭಾಗ ಖರ್ಚು, ಅವು ಎ. ಮುಂದಿನ 40ಕ್ಕೆ ಇಪ್ಪತ್ತು ಭಾಗ, ಅವು ಬಿ. ಕೊನೆಯ 152 ಔಷಧಿಗಳಿಗೆ ಸೇರಿ ಬರೀ ಹತ್ತು ಭಾಗ, ಅವು ಸಿ. ಅಟ್ರೋಪಿನ್ ವರ್ಷಕ್ಕೆ 240 ಆಂಪ್ಯೂಲ್ ಹೋಗಿತ್ತು. ಮೂರು ರೂಪಾಯಿಯಂತೆ 720 ರೂಪಾಯಿ, ಅಂದರೆ ಆಸ್ಪತ್ರೆ ಔಷಧಿಗೆ ಖರ್ಚು ಮಾಡುವ ನೂರು ರೂಪಾಯಿಯಲ್ಲಿ ಮೂರು ಪೈಸೆ.

ಈ ಮೂರು ಪೈಸೆಯೇ ಹುಡುಗನ ಜೀವಕ್ಕೆ ಮುಳುವಾಗಿತ್ತು. ಉಗ್ರಾಣದಲ್ಲಿ ಈಗ ಎ ಗುಂಪನ್ನು ತಿಂಗಳಿಗೊಮ್ಮೆ ಎಣಿಸುತ್ತಾರೆ, ಏಕೆಂದರೆ ಲೆಕ್ಕ ತಪಾಸಣೆಯವರು ಕೇಳುವುದು ಅದನ್ನೇ. ಸಿ ಗುಂಪನ್ನು ಎಣಿಸುವುದು ಆರು ತಿಂಗಳಿಗೊಮ್ಮೆ. ಆ ರಾತ್ರಿ ಪುಸ್ತಕದಲ್ಲಿ ಅಟ್ರೋಪಿನ್ 64 ಇತ್ತು, ಕಪಾಟಿನಲ್ಲಿ 14. ನಡುವಿನ ಐವತ್ತನ್ನು ಯಾವುದೋ ತುರ್ತಿನಲ್ಲಿ ಚೀಟಿ ಬರೆಯದೆ ಒಯ್ದಿದ್ದರು. ಅದರಲ್ಲಿ ತಪ್ಪೇನಿಲ್ಲ, ರೋಗಿ ಒದ್ದಾಡುವಾಗ ಯಾರು ಚೀಟಿ ಬರೆಯುತ್ತಾರೆ? ಆದರೆ ಪುಸ್ತಕದಲ್ಲಿ ದಾಸ್ತಾನು ಇರುವಾಗ ಹೊಸದಾಗಿ ತರಿಸುವ ಬೇಡಿಕೆ ಪತ್ರ, ಅಂದರೆ ಇಂಡೆಂಟ್, ಏಳುವುದಿಲ್ಲ. ಇದೇ ಉಗ್ರಾಣದಲ್ಲಿ ವಿಟಮಿನ್ ಸಿರಪ್ಪಿನ ಪೆಟ್ಟಿಗೆಗಳು ಸೂರಿಗೆ ತಾಗಿದ್ದವು. ಅದು ಎ ಗುಂಪು, ಪ್ರತಿ ತಿಂಗಳೂ ತಪ್ಪದೆ ಎಣಿಕೆ. ನಗಬೇಕೋ ಅಳಬೇಕೋ ತಾವೇ ಹೇಳಿ.

ಎರಡನೆಯ ಜರಡಿ ಹಿಡಿಯಬೇಕಾದವರು ವೈದ್ಯರು ಮತ್ತು ಸಿಸ್ಟರ್‌ಗಳು, ಗುಮಾಸ್ತರಲ್ಲ. ಕೇಳಿದರೆ ಎಲ್ಲರೂ ಎಲ್ಲವನ್ನೂ ವೈಟಲ್ ಎನ್ನುತ್ತಾರೆ, ಮಿಲ್ಲಿನ ಫಿಟ್ಟರ್‌ಗಳೂ ಹಾಗೇ ಅನ್ನುತ್ತಿದ್ದರು. ಅದಕ್ಕೆ ಪ್ರಶ್ನೆಯನ್ನೇ ಬಿಗಿಯಾಗಿ ಕೇಳಬೇಕು: ಇದು ಒಂದು ಗಂಟೆ ಸಿಗದಿದ್ದರೆ, ಬದಲಿ ಇನ್ನೊಂದು ಕೊಡಲಾಗದಿದ್ದರೆ, ಈ ಆಸ್ಪತ್ರೆಯಲ್ಲಿ ರೋಗಿ ಸಾಯಬಹುದೇ? ಹಾಗೆ ಕೇಳಿದಾಗ ಉಳಿದದ್ದು 26. ಅದರಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಸೇರಿ 3 ಮಾತ್ರ ಎ ಗುಂಪಿನವು, 5 ಬಿ. ಮಿಕ್ಕ 18 ಸಿ: ಅಟ್ರೋಪಿನ್, ಅಡ್ರಿನಲಿನ್, ಬಸುರಿಯರಿಗೆ ಫಿಟ್ಸ್ ಬಂದಾಗ ಕೊಡುವ ಮೆಗ್ನೀಷಿಯಂ ಸಲ್ಫೇಟ್. ಈ ಕೊನೆಯದೂ ಅಗ್ಗದ್ದೇ. ಬೇರೆಡೆಗೆ ಕಳಿಸುವ ಮುನ್ನ ಎರಡೂ ಪಿರ್ರೆಗಳಿಗೆ ಐದೈದು ಗ್ರಾಂ ಕೊಡಲು ಒಂದು ಗ್ರಾಂನ 10 ಆಂಪ್ಯೂಲ್ ಒಟ್ಟಿಗೇ ಬೇಕು. ಒಂಬತ್ತು ಇದ್ದರೆ ಒಂಬತ್ತಕ್ಕೇ ಮುಗಿಯಿತು.

ಎರಡೂ ಜರಡಿ ಸೇರಿಸಿದರೆ ಕಣ್ಣಿಡಬೇಕಾದ ಮೊದಲ ಗುಂಪು ಸಿಗುತ್ತದೆ: ದುಬಾರಿಯಾದ 22, ಜೊತೆಗೆ ಬಿ ಮತ್ತು ಸಿ ಗುಂಪಿನಲ್ಲಿದ್ದರೂ ಜೀವ ಹಿಡಿಯುವ 23. ಒಟ್ಟು 45. ಆದರೆ ಇವೆರಡನ್ನು ನೋಡಿಕೊಳ್ಳುವ ರೀತಿ ಬೇರೆ. ದುಬಾರಿಯದನ್ನು ಕಡಿಮೆ ಇಟ್ಟು ಮೇಲಿಂದ ಮೇಲೆ ತರಿಸಬೇಕು. ಅಗ್ಗದ ಜೀವರಕ್ಷಕವನ್ನು ಧಾರಾಳವಾಗಿ ತುಂಬಿಟ್ಟು, ವಾರಕ್ಕೊಮ್ಮೆ ಕೈಯಿಂದ ಮುಟ್ಟಿ ಎಣಿಸಬೇಕು.

ಎಷ್ಟು ತುಂಬಬೇಕು ಎಂಬಲ್ಲಿ ಸರಾಸರಿಯನ್ನು ನಂಬಬೇಡಿ. ವರ್ಷಕ್ಕೆ 240 ಅಂದರೆ ತಿಂಗಳಿಗೆ 20, ಇಂಡೆಂಟ್ ಬರಲು ಒಂದೂವರೆ ತಿಂಗಳು, ಆದ್ದರಿಂದ 30 ಇದ್ದರೆ ಸಾಕು ಎನ್ನುತ್ತದೆ ಕಾಗದದ ಲೆಕ್ಕ. ಆ ಮೂವತ್ತು ಒಬ್ಬ ರೋಗಿಯ ನಾಲ್ಕನೆಯ ಸುತ್ತಿಗೆ ಮುಟ್ಟುವುದಿಲ್ಲ. ಇನ್ನೊಂದು ಮೋಸವಿದೆ. ಪುಸ್ತಕದ ಪ್ರಕಾರ ಆ ವರ್ಷ ನಾಲ್ಕು ತಿಂಗಳು ಅಟ್ರೋಪಿನ್ ಇರಲೇ ಇಲ್ಲ. ಇಲ್ಲದ ತಿಂಗಳಲ್ಲಿ ಬಳಕೆ ಸೊನ್ನೆ ಎಂದು ಬರೆದರು. ಹನ್ನೆರಡರಿಂದ ಭಾಗಿಸಿದರೆ 20, ದಾಸ್ತಾನಿದ್ದ ಎಂಟರಿಂದ ಭಾಗಿಸಿದರೆ 30. ಹೀಗೆ ಕೊರತೆಯೇ ಮುಂದಿನ ವರ್ಷದ ಬೇಡಿಕೆಯನ್ನು ತಗ್ಗಿಸಿ ಮತ್ತೊಂದು ಕೊರತೆಯನ್ನು ಹೆರುತ್ತದೆ. ಕೇಳಿದರೆ ‘ಕಳೆದ ವರ್ಷ ಅಷ್ಟೇ ಖರ್ಚಾಗಿದೆ’ ಎನ್ನುತ್ತಾರೆ. ಇಲ್ಲದ್ದನ್ನು ಖರ್ಚು ಮಾಡುವುದು ಹೇಗೆ ಸ್ವಾಮಿ?

ಜೀವರಕ್ಷಕ ಔಷಧಿಗೆ ತಳಮಟ್ಟವನ್ನು ಕೆಟ್ಟ ರಾತ್ರಿಯೊಂದನ್ನು ನೆನೆದು ಕಟ್ಟಬೇಕು. ಒಬ್ಬ ರೋಗಿಗೆ 45, ದೊಡ್ಡಾಸ್ಪತ್ರೆ ಮುಟ್ಟುವವರೆಗೆ ಇನ್ನೊಂದು 20. ಹತ್ತಿಗೆ ಔಷಧಿ ಹೊಡೆಯುವ ತಿಂಗಳುಗಳಲ್ಲಿ ಒಂದೇ ರಾತ್ರಿ ಇಬ್ಬರು ಬರಬಹುದು, ಆದ್ದರಿಂದ 130. ಬೆಲೆ 390 ರೂಪಾಯಿ. ಅವಧಿ ಮೀರಿ ಹಾಳಾಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಅದು ನಿಜ ಕೂಡ. ಆರು ತಿಂಗಳು ಉಳಿದಿರುವಾಗಲೇ ಬಳಕೆ ಹೆಚ್ಚಿರುವ ದೊಡ್ಡಾಸ್ಪತ್ರೆಗೆ ಕೊಟ್ಟು ಹೊಸದನ್ನು ಬದಲಿಗೆ ಪಡೆದರೆ ಮುಗಿಯಿತು. ಒಪ್ಪದಿದ್ದರೆ ಎಸೆಯಿರಿ, ಹೋಗುವುದು 390 ರೂಪಾಯಿ. ಆ 18 ಅಗ್ಗದ ಔಷಧಿಗಳಿಗೆ ವರ್ಷಕ್ಕೆ 31 ಸಾವಿರ ಖರ್ಚು. ಮೂರು ತಿಂಗಳಿನದನ್ನು ಹೆಚ್ಚುವರಿಯಾಗಿ ಇಟ್ಟರೂ 7,750 ರೂಪಾಯಿ. ಕಮಾನಿನ ಉದ್ಘಾಟನೆಯ ದಿನ ಶಾಮಿಯಾನಕ್ಕೆ ಎಷ್ಟಾಯಿತೆಂದು ನಾನು ಕೇಳುವುದಿಲ್ಲ.

ಮತ್ತೆ ಹೇಳುತ್ತೇನೆ, 45 ಔಷಧಿಗಳ ಪಟ್ಟಿ ಮಾಡಿಸಿ. ಪ್ರತಿಯೊಂದರ ಮುಂದೆ ತಳಮಟ್ಟ ಬರೆಸಿ ತುರ್ತು ಚಿಕಿತ್ಸಾ ಕೊಠಡಿಯ ಗೋಡೆಗೆ ಅಂಟಿಸಿ. ಅಗ್ಗದ 18ನ್ನು ಪ್ರತಿ ಸೋಮವಾರ ಎಣಿಸುವಂತೆ ಆದೇಶಿಸಿ, ಕಡಿಮೆಯಾದ ದಿನವೇ ಸಮಿತಿಯ ಹಣದಲ್ಲಿ ಕೊಳ್ಳಲು ಒಪ್ಪಿಗೆ ಕೊಡಿ. ಫಾರ್ಮಸಿಸ್ಟರಿಗೆ ನೋಟಿಸ್ ಕೊಟ್ಟು ಕೈತೊಳೆದುಕೊಳ್ಳಬೇಡಿ, ಅವರಿಗೊಬ್ಬ ಸಹಾಯಕರನ್ನು ಕೊಡಿ.

ಪಟ್ಟಿ ಈಗಾಗಲೇ ತಯಾರಿದೆ, ಒಂಬತ್ತು ಪುಟ. ವೈದ್ಯರು ಪೆನ್ಸಿಲ್‌ನಲ್ಲಿ ತಿದ್ದಿಕೊಟ್ಟಿದ್ದಾರೆ. ಸಮಿತಿಯ ಮುಂದಿನ ಸಭೆ ಯಾವಾಗ ಎಂಬುದನ್ನು ತಿಳಿಸಿದರೆ ನಾನೇ ತರುತ್ತೇನೆ. ಜೊತೆಗೆ ಆ ರಾತ್ರಿಯ 40 ಆಂಪ್ಯೂಲ್‌ಗಳ ರಸೀದಿಯನ್ನೂ ತರುತ್ತೇನೆ. ಹಣ ಬೇಡ, ಸಭೆಯ ನಡಾವಳಿ ಪುಸ್ತಕದಲ್ಲಿ ಅಂಟಿಸಿಕೊಳ್ಳಿ.

ಇಂತಿ,
ತಮ್ಮ ಮತದಾರ,
ನಿವೃತ್ತ ಸ್ಟೋರ್ ಕೀಪರ್