ಬಾಲ ನೋಡಿದೆಯಾ?

ಗದಗ

ಪ್ರೀತಿಯ ಅವ್ವಾ,

ನಿನ್ನ ಪತ್ರ ಮೊನ್ನೆ ಕೈಸೇರಿತು. ಮನೆಯ ಸುದ್ದಿ ನಿಮ್ಮಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಬಿಡು. ಕೊನೆಯ ಒಂದು ಸಾಲು ಮಾತ್ರ ನನ್ನ ನಿದ್ದೆ ಕೆಡಿಸಿದೆ. ಗುಡಿಯ ಕಲ್ಲಿನ ತೋರಣದ ಚಿತ್ರ ಬರೆದು ಅದರ ಪ್ರಾಣಿಗೆ ‘ಗಜವ್ಯಾಳ’ ಅಂತ ಹೆಸರು ಹಾಕಿದೆ, ಮೇಡಂ ಅದನ್ನು ಗೀಟು ಹೊಡೆದು ‘ಮಕರ’ ಅಂತ ತಿದ್ದಿದರು, ಇನ್ನು ಯಾವುದಕ್ಕೂ ಹೆಸರು ಬರೆಯಲು ಹೆದರಿಕೆ ಅಂದಿದ್ದೀಯಲ್ಲ.

ಸೊಂಡಿಲು ನೋಡಿ ಮೋಸ ಹೋಗಿದ್ದೀಯ, ಅಷ್ಟೇ. ಎರಡೂ ಗುಡಿಯ ಕಲ್ಲಲ್ಲಿ ಕೆತ್ತುವ ಕಲ್ಪನೆಯ ಪ್ರಾಣಿಗಳು, ಎರಡಕ್ಕೂ ಸೊಂಡಿಲಿದೆ. ವ್ಯಾಳದ ಮೈ ಸಿಂಹದ್ದು. ಉಗುರಿನ ಪಂಜ, ಸಪೂರ ನಡು, ಸಾಮಾನ್ಯವಾಗಿ ಹಿಂಗಾಲ ಮೇಲೆ ಎದ್ದು ನಿಂತಿರುತ್ತದೆ. ಮಕರದ ಮೂತಿ ಸೊಂಡಿಲಿನಂತೆ ಮೇಲಕ್ಕೆ ಸುರುಳಿ ಸುತ್ತಿದರೂ ಬಾಯಿ ಮೊಸಳೆಯದು, ಹಲ್ಲಿನ ಸಾಲು ಕಾಣುತ್ತದೆ. ಹಿಂಭಾಗ ಮೀನಿನಂತಾಗಿ, ಬಾಲ ಬಳ್ಳಿಯಂತೆ ಸುರುಳಿಯಾಗಿ ಹರಡುತ್ತದೆ. ಮೇಲೆ ಕೂತ ಸವಾರನನ್ನು ನಂಬಬೇಡ, ಎರಡರ ಮೇಲೂ ಕೂರಿಸುತ್ತಾರೆ.

ನಿನ್ನ ಹೆದರಿಕೆ ನನಗೆ ಗೊತ್ತು ಅವ್ವಾ. ನಾನು ಸಾಲಿ ಮಕ್ಕಳನ್ನು ಒಂದು ಹಳೆಯ ಗುಡಿಗೆ ಕರೆದುಕೊಂಡು ಹೋಗಿದ್ದೆ. ಮೇಲೆ ಅಷ್ಟದಿಕ್ಪಾಲಕರ ಚಾವಣಿ. ಪೂರ್ವಕ್ಕೆ ಇಂದ್ರ, ಆನೆಯ ಮೇಲೆ. ಪಶ್ಚಿಮದಲ್ಲಿದ್ದುದನ್ನೂ ಆನೆ ಅಂದೆ. ಒಬ್ಬ ಹುಡುಗ ಕತ್ತೆತ್ತಿ ನೋಡುತ್ತಲೇ ಇದ್ದ. “ಸರ್, ಈ ಆನೆಗೆ ಮೀನಿನ ಬಾಲ ಯಾಕೆ?” ಅಂದ. ನನಗೆ ಗೊತ್ತಿರಲಿಲ್ಲ. “ಸುಮ್ನೆ ನಡಿ” ಅಂತ ಗದರಿದೆ. ಅದು ವರುಣನ ಮಕರ. ಕೈಯಲ್ಲಿ ಪಾಶ ಇತ್ತು, ದಿಕ್ಕೂ ಪಶ್ಚಿಮ. ಎಲ್ಲ ಕಣ್ಣೆದುರೇ ಇತ್ತು. ನಂತರ ತಿಳಿಯಿತು, ಆದರೆ ಅಷ್ಟರಲ್ಲಿ ಆ ಹುಡುಗ ಸಾಲಿ ಮುಗಿಸಿ ಹೋಗಿದ್ದ. ಅವನು ಆಮೇಲೆ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಹೆಸರು ತಪ್ಪಿದರೆ ಅನ್ನುವ ಭಯ ನನ್ನ ಬಾಯಲ್ಲಿ ಗದರಿಕೆಯಾಗಿ ಬಂತು. ನಿನ್ನಲ್ಲಿ ಅದು ಖಾಲಿ ಬಿಟ್ಟ ಜಾಗವಾಗುತ್ತಿದೆ ಅಲ್ವಾ?

ನಿನಗೆ ಹೇಳುವಷ್ಟು ಓದಿದವನಲ್ಲ ನಾನು. ಆದರೂ ಬರೆಯುತ್ತೇನೆ. ಪ್ರಾಣಿ ಎಲ್ಲಿದೆ ಅಂತ ಮೊದಲು ನೋಡು. ತೋರಣದ ಎರಡು ತುದಿಗೆ ಎದುರುಬದುರಾಗಿ, ನಡುವೆ ಮೇಲೆ ಕೀರ್ತಿಮುಖ, ಅಂದರೆ ಕೆಳದವಡೆ ಇಲ್ಲದ ಸಿಂಹದಂಥ ಉಗ್ರ ಮುಖ ಇದ್ದರೆ, ತುದಿಯವು ಬಹುಪಾಲು ಮಕರಗಳೇ. ಬಾಗಿಲ ಬುಡದಲ್ಲಿ ಕೊಡ ಹಿಡಿದ ಹೆಂಗಸು ಇಂಥ ಪ್ರಾಣಿಯ ಮೇಲೆ ನಿಂತಿದ್ದರೆ ಅವಳು ಗಂಗೆ, ಎದುರು ಬದಿಯವಳ ಕಾಲಡಿ ಆಮೆ ಇದ್ದರೆ ಯಮುನೆ. ಆಗ ಅನುಮಾನ ಉಳಿಯುವುದಿಲ್ಲ.

ಕಲ್ಲು ಒಡೆದು ಮೂತಿ ಮಾತ್ರ ಉಳಿದಿದ್ದರೆ? ‘ಸೊಂಡಿಲಿನ ಮೂತಿ, ಮೈ ಮುರಿದಿದೆ, ಮಕರ ಇರಬಹುದು’ ಅಂತ ಬರೆ. ಕಂಡದ್ದು ಮೊದಲು, ಹೆಸರು ಆಮೇಲೆ. ಹೆಸರು ತಪ್ಪಾದರೂ ಕಂಡದ್ದು ಉಳಿಯುತ್ತದೆ. ನನಗೆ ಹೀಗೆ ಅನಿಸುತ್ತದೆ, ನಿಮ್ಮ ಮೇಡಂ ಬೇರೆ ಹೇಳಿದರೆ ಅವರ ಮಾತು ಕೇಳು.

ಮೇಡಂ ತಿದ್ದಿದ ಆ ಹಾಳೆ ಹರಿದು ಹಾಕಿಲ್ಲ ತಾನೇ? ದೀಪಾವಳಿಗೆ ಬರುವಾಗ ತಗೊಂಡು ಬಾ. ನೀನು ಬರೆದ ಬಾಲ ನೋಡಬೇಕು.

ನಿನ್ನ,
ದೊಡ್ಡಪ್ಪ